ನಿದ್ದೆ ಮಾಡದ ಫೋನು

ಮಲಗುವಾಗ ನೂರಕ್ಕೆ ನೂರು ಇದ್ದ ನನ್ನ ಫೋನು ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ಆಲಮೇಲದ ಶಾಲೆಯಲ್ಲಿ ನಾನು, ಮುದ್ದೇಬಿಹಾಳದ ಶಾಲೆಯಲ್ಲಿ ಹೆಂಡತಿ. ಒಂದೇ ಊರಿಗೆ ವರ್ಗಾವಣೆ ಸಿಕ್ಕಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಅವಳೊಂದು ಕರೆ ಮಾಡುತ್ತಿದ್ದಳು. ದಿನದಲ್ಲಿ ನಮ್ಮ ಸಂಸಾರವೆಂದರೆ ಅಷ್ಟೇ. ಈಗ ಅದೂ ತಪ್ಪತೊಡಗಿತು. ಫೋನು ಎದ್ದ ಮೇಲೆ, ಅವಳು ಕರೆ ಮಾಡಿದ್ದಳೆಂಬ ಸಂದೇಶ ಮಾತ್ರ ಬರುತ್ತಿತ್ತು.

ರಾತ್ರಿಯಿಡೀ ಚಾರ್ಜಿಗೆ ಹಾಕೋಣವೆಂದರೆ ಬಾಡಿಗೆ ಕೋಣೆಯ ಒಂದೇ ಪ್ಲಗ್ಗು ಬಿಸಿಯಾಗಿ ಸುಟ್ಟ ವಾಸನೆ ಬರುತ್ತಿತ್ತು. ಕೈಲಾಗದವನು ಮೈ ಪರಚಿಕೊಂಡಂತೆ ನಾನು ಹೊಸ ಚಾರ್ಜರ್ ತಂದೆ, ಅಂಗಡಿಯವನನ್ನು ಬೈದೆ. ಏನೂ ಆಗಲಿಲ್ಲ.

ಕಡೆಗೆ ಸಿಂದಗಿಯ ಮೊಬೈಲ್ ರಿಪೇರಿಯವರ ಬಳಿ ಹೋದೆ. ನನ್ನದೇ ವಯಸ್ಸಿನವರು, ಮಾತು ಕಡಿಮೆ.

"ಬ್ಯಾಟರಿ ಛಲೋ ಐತ್ರಿ, ಸರ. ರಾತ್ರಿ ಫುಲ್ ಮಾಡಿ, ವೈರ್ ತಗದು, ಮುಟ್ಟಲಾರದ ಇಡ್ರಿ. ಮುಂಜಾನೆ ಚಾರ್ಜ್ ಹಾಕಬ್ಯಾಡ್ರಿ, ಹಂಗೇ ತರ್ರಿ."

ಮರುದಿನ ಬೇಗ ಎದ್ದು, ಒಂಬತ್ತು ಪರ್ಸೆಂಟ್ ಉಳಿದಿದ್ದ ಫೋನನ್ನು ಆಫ್ ಮಾಡಿ ಮೊದಲ ಬಸ್ಸಿಗೆ ಒಯ್ದೆ. ಅವರು ಡೆವಲಪರ್ ಆಯ್ಕೆಗಳನ್ನು ತೆರೆದು, ಲ್ಯಾಪ್‌ಟಾಪಿಗೆ ಜೋಡಿಸಿ, ಒಂದು ಕಮಾಂಡ್ ಹೊಡೆದರು. ಉದ್ದನೆಯ ಪಟ್ಟಿ ಬಂತು. ವೇಕ್ ಲಾಕ್ ಎಂಬ ಸಾಲಿನಲ್ಲಿ ಒಂದೇ ಆ್ಯಪಿನ ಎದುರು ಏಳು ತಾಸು.

"ಸ್ಕ್ರೀನ್ ಆರೇತಿ ಖರೆ. ಆದ್ರ ಈ ಆ್ಯಪ್ ಒಳಗ ಪ್ರೊಸೆಸರಿಗೆ ಮಲಗಾಕ ಬಿಟ್ಟಿಲ್ಲ. ಬ್ಯಾಟರಿ ಸೆಟಿಂಗಿನಾಗ ಇದಕ್ಕ ಯಾವ ನಿರ್ಬಂಧಾನೂ ಇಲ್ಲ. ಯಾರ್ರಿ ತಗದವರು?"

ನಾನೇ. ಗಂಡ ಹೆಂಡತಿ ಎಲ್ಲಿದ್ದೇವೆಂದು ಪರಸ್ಪರ ನಕ್ಷೆಯಲ್ಲಿ ಕಾಣಿಸುವ ಆ್ಯಪು ಅದು. ರಜೆಯಲ್ಲಿ ಒಬ್ಬರಲ್ಲಿಗೊಬ್ಬರು ಹೊರಟಾಗ ಬಸ್ಸು ಎಲ್ಲಿಗೆ ಬಂತೆಂದು ಹತ್ತು ಸಲ ಕೇಳುವುದು ತಪ್ಪಲಿ ಎಂದು ಅವಳೇ ಇಬ್ಬರ ಫೋನಿಗೂ ಹಾಕಿಸಿದ್ದಳು. ನಡುವೆ ನಿಲ್ಲಬಾರದೆಂದು ನಾನು ನಿರ್ಬಂಧ ತೆಗೆದಿದ್ದೆ. ರಿಪೇರಿಯವರು ಅದನ್ನು ತೆರೆದು ತೋರಿಸಿದರು: ನಕ್ಷೆಯಲ್ಲಿ ನನ್ನೊಬ್ಬನ ಚುಕ್ಕೆ. ಕೆಳಗೆ, "ಇನ್ನೊಬ್ಬರನ್ನು ಹುಡುಕಲಾಗುತ್ತಿದೆ."

"ಆ ಕಡಿ ಫೋನ್ ಸಿಗವಲ್ದು. ಈ ಆ್ಯಪ್ ಕೆಟ್ಟ ಬರದಾರ, ಸಿಗೂ ತನಕ ಹುಡುಕೂದು ಬಿಡೂದಿಲ್ಲ. ತಗದು ಬಿಡ್ರಿ" ಎಂದರು. ತೆಗೆಯಲು ಮನಸ್ಸಾಗಲಿಲ್ಲ. ಅಲ್ಲೇ ಸ್ವಲ್ಪ ಚಾರ್ಜ್ ಮಾಡಿಸಿಕೊಂಡು, ಹೊರಗೆ ನಿಂತು ಅವಳಿಗೆ ಫೋನ್ ಹಚ್ಚಿದೆ.

"ನಕ್ಷೆ ಆ್ಯಪ್ ನಿನ್ನ ಫೋನಿನಾಗ ಐತೇನು?"

"ತಗದು ಮೂರು ವಾರ ಆತ್ರಿ."

"ಯಾಕ?"

"ನಾ ಕಾಣವಲ್ಲೆ ಅಂತ ನೀವು ಯಾವಾಗ ಕೇಳ್ತೀರಿ ನೋಡಬೇಕಾಗಿತ್ತು."

ಆ ನಕ್ಷೆಯನ್ನು ನಾನು ತಿಂಗಳುಗಳಿಂದ ತೆರೆದೇ ಇರಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲು ನಾಚಿಕೆಯಾಯಿತು.

"ಬ್ಯಾಟರಿ ಇಳಿಲಾಕತ್ತಿತ್ತು, ಅದಕ್ಕ ಇವತ್ತ ಗೊತ್ತಾತು" ಎಂದೆ.

"ಹೌದ್ರಿ? ಫೋನಿಗಾದ್ರೂ ಗೊತ್ತಾತಲ್ಲ" ಎಂದಳು. ಆಮೇಲೆ, ಶಾಲೆಗೆ ಹೊತ್ತಾತು ಎಂದು ಫೋನು ಇಟ್ಟುಬಿಟ್ಟಳು.