ಫ್ಲೆಕ್ಸಿನ ಮೇಲಿನ ಸಾಲು

ಬಳ್ಳಾರಿಯಲ್ಲಿ ಯಾರ ಮುಖ ಎಷ್ಟು ದೊಡ್ಡದಿರಬೇಕು ಎಂಬುದನ್ನು ನಮ್ಮ ಮಾರೆಣ್ಣನಷ್ಟು ಬಲ್ಲವರು ಕಡಿಮೆ. ಹುಟ್ಟುಹಬ್ಬವಿರಲಿ, ಶ್ರದ್ಧಾಂಜಲಿಯಿರಲಿ, ಫ್ಲೆಕ್ಸಿನಲ್ಲಿ ಮೇಲೆ ದೊಡ್ಡವರು, ನಡುವೆ ಖರ್ಚು ಹಾಕಿದವರು, ಕೆಳಗೆ ಶುಭ ಕೋರುವವರ ಸಾಲು. ಕೆಳಸಾಲಿನಲ್ಲಿ ಒಬ್ಬನ ತಲೆ ಪಕ್ಕದವನದಕ್ಕಿಂತ ತುಸು ದೊಡ್ಡದಾದರೂ ಮಾತು ಬಿಡುವ ಜನ ನಾವು. ಹೊಗೆ ಕಾಣದ ಕಡೆ ಬೆಂಕಿ ಹಚ್ಚುವುದಕ್ಕೆ ನಮಗೆ ಒಂದು ಫ್ಲೆಕ್ಸ್ ಸಾಕು.

ಮಾರೆಣ್ಣ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯವನು. ಹುಡುಗನಾಗಿದ್ದಾಗಲೇ ಬ್ರಷ್ ಹಿಡಿದು ಗೋಡೆಗಳ ಮೇಲೆ ಗೊಬ್ಬರದ ಜಾಹೀರಾತು ಬರೆದ, ಲಾರಿಗಳ ಹಿಂದೆ ಹೆಸರು ಬರೆದ. ಆಮೇಲೆ ಫ್ಲೆಕ್ಸ್ ಬಂತು, ಬ್ರಷ್ ಒಣಗಿತು. ಮತ್ತೊಬ್ಬರ ಅಂಗಡಿಯಲ್ಲಿ ದುಡಿದು ಕಂಪ್ಯೂಟರ್ ಕಲಿತು, ಸತ್ಯನಾರಾಯಣಪೇಟೆಯ ಹತ್ತಿರ 'ಅಕ್ಷರ ಡಿಜಿಟಲ್ಸ್' ಎಂಬ ಸ್ವಂತ ಅಂಗಡಿ ಹಾಕಿದ. ಊರಿನ ಮುಖಗಳನ್ನೆಲ್ಲ ಬೆಳ್ಳಗೆ ಮಾಡಿ, ಮೊಡವೆ ಅಳಿಸಿ, ಕೂದಲು ಕರಿ ಮಾಡಿ ಕೊಟ್ಟ. ಅವನ ಮುಖ ಮಾತ್ರ ಯಾವ ಫ್ಲೆಕ್ಸಿನಲ್ಲೂ ಬಂದಿರಲಿಲ್ಲ.

ಅಂಥವನ ಅಂಗಡಿಗೆ ವರದಾ ಬಂದಳು. ಪೇಟೆಯ ಗುಮಾಸ್ತರೊಬ್ಬರ ಮಗಳು, ಕಾಲೇಜಿನ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಕೈಯಲ್ಲಿ ಸಂಘದ ಲೆಟರ್‌ಹೆಡ್ಡಿನ ಪತ್ರ, ಕೆಳಗೆ ಅವಳ ಸಹಿ, ಪಕ್ಕದಲ್ಲಿ ಪ್ರಾಂಶುಪಾಲರ ಮೊಹರು. ಎರಡು ದಿನ ನಡೆಯುವ ಅಂತರ್‌ಕಾಲೇಜು ಉತ್ಸವಕ್ಕೆ ಪ್ರಾಯೋಜಕರು ಬೇಕಿದ್ದರು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಾಲೇಜುಗಳಿಂದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬರುತ್ತಾರೆ, ನಿಮ್ಮ ಅಂಗಡಿಯ ಹೆಸರು ಅಷ್ಟೂ ಜನಕ್ಕೆ ತಲುಪುತ್ತದೆ ಎಂದು ಪತ್ರ ಹೇಳುತ್ತಿತ್ತು. ಮುಖ್ಯ ಪ್ರಾಯೋಜಕರು ಐವತ್ತು ಸಾವಿರ ಕೊಟ್ಟರೆ ವೇದಿಕೆಯ ಫ್ಲೆಕ್ಸಿನ ಮೇಲ್ಭಾಗದಲ್ಲಿ ಅವರೊಬ್ಬರದೇ ಭಾವಚಿತ್ರ, ಜೊತೆಗೆ ಒಂದು ಮಳಿಗೆ. ಸಹ ಪ್ರಾಯೋಜಕರು ಹತ್ತು ಸಾವಿರ ಕೊಟ್ಟರೆ ಕೆಳಸಾಲಿನಲ್ಲಿ ಚಿತ್ರ, ಮೈಕಿನಲ್ಲಿ ಹೆಸರು, ಒಂದು ನೆನಪಿನ ಕಾಣಿಕೆ.

"ರೊಕ್ಕ ಬ್ಯಾಡ ಅಂಕಲ್, ಅಷ್ಟರ ಫ್ಲೆಕ್ಸ್ ಮಾಡಿ ಕೊಟ್ರೂ ಆತು. ಹತ್ತು ಸಾವಿರಕ್ಕ ರಸೀದಿ ಕೊಡ್ತೀವಿ" ಎಂದಳು.

"ಮ್ಯಾಲಿನ ಜಾಗ ಯಾರು ತಗೊಂಡ್ರವ್ವ?"

"ಸಿರುಗುಪ್ಪದ ರೈಸ್‌ಮಿಲ್ಲಿನ ವಿರೂಪಾಕ್ಷಿ ಸಾಹುಕಾರ್ರು. ಅರ್ಧ ಕೊಟ್ಟಾರ, ಉಳಿದದ್ದು ಉದ್ಘಾಟನಿ ದಿನ ಕೊಡ್ತಾರ. ಅದರಾಗ ಊಟದವರಿಗೆ ಕೊಡಬೇಕು."

ಮಾರೆಣ್ಣ ಒಪ್ಪಿದ. ಅಂದೇ ಬಾದನಹಟ್ಟಿಗೆ ಫೋನು ಮಾಡಿ ಅವ್ವ ಈರಮ್ಮನಿಗೆ ಹೇಳಿದ. ಓದು ಬಾರದ ಈರಮ್ಮನ ಕಣ್ಣಿಗೆ ಪೊರೆ ಬೇರೆ ಬಂದಿತ್ತು, ಆದರೂ ನೋಡಲು ಬರುವೆನೆಂದಳು.

ವರದಾಳಿಗೆ ಕಳಿಸಿದ ವಿನ್ಯಾಸದಲ್ಲಿ ಮಾರೆಣ್ಣ ಕೆಳಸಾಲಿನಲ್ಲೇ ಇದ್ದ. ಅವಳು ನೋಡಿ ಸರಿಯೆಂದು ಉತ್ತರ ಕಳಿಸಿದಳು. ಪ್ರಿಂಟಿಗೆ ಹಾಕುವ ಮುನ್ನ ಅವನಿಗೆ ಅವ್ವನ ಮಬ್ಬು ಕಣ್ಣು ನೆನಪಾಯಿತು. ಇಷ್ಟು ಚಿಕ್ಕ ಮುಖ ಅವಳಿಗೆ ಎಲ್ಲಿ ಕಂಡೀತು? ಚಿತ್ರವನ್ನು ಮೌಸಿನಲ್ಲಿ ಹಿಡಿದು ತುಸು ಹಿಗ್ಗಿಸಿದ, ತುಸು ಮೇಲಕ್ಕೆ ತಂದ. ಅವ್ವನ ಕಣ್ಣು ಒಂದು ನೆಪ, ಅವನ ಆಸೆಯೇ ನಿಜ. ಕೊನೆಗೆ ನೋಡಿದರೆ ಅವನು ಸಾಹುಕಾರರ ಪಕ್ಕದಲ್ಲೇ, ಹೆಗಲಿಗೆ ಹೆಗಲು ಕೊಟ್ಟು ನಗುತ್ತಿದ್ದ. ಇನ್ನೊಬ್ಬರು ಹೀಗೆ ಕೇಳಿದ್ದರೆ ಬೈದು ಕಳಿಸುತ್ತಿದ್ದವನು ತನಗೆ ತಾನೇ ಪ್ರಿಂಟ್ ಹೊಡೆದುಕೊಂಡ.

ಉದ್ಘಾಟನೆಯ ಬೆಳಿಗ್ಗೆ ಕಾಲೇಜಿನ ಮೈದಾನಕ್ಕೆ ಬಂದ ವಿರೂಪಾಕ್ಷಿ ಸಾಹುಕಾರರು ವೇದಿಕೆಯನ್ನು ಒಮ್ಮೆ ನೋಡಿದರು. ದನಿ ಏರಿಸಲಿಲ್ಲ.

"ಏನವ್ವ, ಪತ್ರದಾಗ ಮ್ಯಾಲೆ ನಮ್ದೊಂದ ಫೋಟೊ ಅಂತ ಬರ್ದಿದ್ರಿ. ನನ್ನ ಬಾಜೂಕ ಇವರ್ಯಾರು? ಮಾತು ನೀವು ಉಳಿಸ್ಕೊಂಡಿಲ್ಲ. ಉಳಿದ ರೊಕ್ಕ ನಾ ಹೆಂಗ ಕೊಡ್ಲಿ?"

ವರದಾ ಮಾರೆಣ್ಣನ ಕಡೆ ನೋಡಿದಳು. ತಾನು ಒಪ್ಪಿದ ವಿನ್ಯಾಸ ಫೋನಿನಲ್ಲೇ ಇತ್ತು, ತೆಗೆದು ತೋರಿಸಿದ್ದರೆ ಅವಳ ತಪ್ಪಿಲ್ಲವೆಂಬುದು ಅಲ್ಲೇ ತೀರುತ್ತಿತ್ತು. ತೋರಿಸಲಿಲ್ಲ.

"ತಪ್ಪು ನಂದು ಸರ್. ನಾನು ಸರಿಯಾಗಿ ನೋಡ್ಲಿಲ್ಲ" ಎಂದಳು.

ಮಾರೆಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಗಳ ವಯಸ್ಸಿನ ಹುಡುಗಿ ತನ್ನ ಮಾನ ಉಳಿಸಲು ತಲೆ ತಗ್ಗಿಸಿ ನಿಂತಿದ್ದಳು.

"ಆಕೀದಲ್ಲ ಸಾಹುಕಾರ್ರ, ನಂದು. ಆಕಿ ನೋಡಿದ ಮ್ಯಾಲೆ ನಾನ ಬದಲು ಮಾಡೀನಿ. ಅರ್ಧ ತಾಸು ಕೊಡ್ರಿ" ಎಂದ.

ಅಂಗಡಿಗೆ ಓಡಿ, ಸಂಘದ ಲಾಂಛನವನ್ನು ಸ್ಟಿಕರಿನಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆದು ತಂದ. ವಿದ್ಯಾರ್ಥಿಗಳೆಲ್ಲ ಕುರ್ಚಿಗಳಲ್ಲಿ ಬಂದು ಕುಳಿತಿದ್ದರು. ಅವರೆದುರು ಏಣಿ ಹತ್ತಿ, ತನ್ನ ಹಣೆಯ ಮೇಲಿಂದ ಶುರು ಮಾಡಿ ಗದ್ದದವರೆಗೆ ತಾನೇ ಉಜ್ಜಿ ಉಜ್ಜಿ ಅಂಟಿಸಿದ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಕೆಳಸಾಲಿನಲ್ಲಿ ಅವನ ಜಾಗವೂ ಈಗ ಇರಲಿಲ್ಲ, ಅದನ್ನು ಅವನೇ ಅಳಿಸಿದ್ದ. ನ್ಯಾಯವಾಗಿ ಬರಬೇಕಾದದ್ದನ್ನೂ ಕಳೆದುಕೊಂಡಿದ್ದ. ಸಾಹುಕಾರರು ಚೆಕ್ ಬರೆದು ವರದಾಳ ಕೈಗೆ ಕೊಟ್ಟರು.

ಮಾರೆಣ್ಣ ಏಣಿ ಇಳಿದಾಗ ಈರಮ್ಮ ಪಕ್ಕದ ಮನೆಯ ಗಂಗಕ್ಕನ ಕೈ ಹಿಡಿದು ಬರುತ್ತಿದ್ದಳು. ಅವ್ವನನ್ನು ಕೊನೆಯ ಸಾಲಿನಲ್ಲಿ ಕೂರಿಸಿದ. ಅವಳು ಹಣೆಗೆ ಕೈ ಅಡ್ಡ ಹಿಡಿದು ವೇದಿಕೆಯ ಕಡೆ ನೋಡಿದಳು. ಕಾಣುವಷ್ಟು ದೊಡ್ಡದಾಗಿದ್ದ ಮುಖ ಒಂದೇ, ಸಾಹುಕಾರರದು.

"ನೋಡ ಗಂಗಕ್ಕ, ನನ್ನ ಮಗ. ಫೋಟೊದಾಗ ಎಷ್ಟು ದಪ್ಪ ಕಾಣ್ತಾನ" ಎಂದಳು.

ಗಂಗಕ್ಕನ ಕಣ್ಣು ಚೆನ್ನಾಗಿತ್ತು. ಅವಳು ಫ್ಲೆಕ್ಸ್ ನೋಡಿದಳು, ಮಾರೆಣ್ಣನನ್ನು ನೋಡಿದಳು. "ಹೌದವ್ವ, ಬಾಳ ಚೊಲೊ ಬಂದೈತಿ" ಎಂದಳು.

ಮೈಕಿನಲ್ಲಿ ಮಾರೆಣ್ಣನ ಹೆಸರು ಕೂಗಿದರು, ಪತ್ರದಲ್ಲಿ ಬರೆದಿದ್ದಂತೆ ಕಾಣಿಕೆ ಕೊಟ್ಟರು. ಈರಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಗೆ ಅವನು ನಾಚಿದಷ್ಟು ಸಿಳ್ಳೆಗೆ ನಾಚಿರಲಿಲ್ಲ.

"ಕಾರ್ಯಕ್ರಮ ಮುಗಿದ ಮ್ಯಾಲೆ ಅದನ್ನ ತಂದು ಕೊಡೋ. ದನದ ಕೊಟ್ಟಿಗಿ ಸೋರತೈತಿ, ಮ್ಯಾಲೆ ಹೊದ್ದಿಸ್ತೀನಿ. ದಿನಾ ನಿನ್ನ ಮಖ ನೋಡಿದಂಗೂ ಆತು" ಎಂದಳು ಹೊರಡುವಾಗ. ಹಳೆ ಫ್ಲೆಕ್ಸುಗಳ ಗತಿ ನಮ್ಮ ಹಳ್ಳಿಗಳಲ್ಲಿ ಕೊನೆಗೆ ಅದೇ. ಬೇಡವೆನ್ನಲು ಅವನಿಗೆ ನೆಪ ಸಿಗಲಿಲ್ಲ. ಫ್ಲೆಕ್ಸ್ ಸುತ್ತಿ ಬಾದನಹಟ್ಟಿಗೆ ಒಯ್ದು, ಕೊಟ್ಟಿಗೆಯ ಮೇಲೆ ಕಟ್ಟಿ ಬಂದ.

ಬೇಸಿಗೆ ಕಾಲಿಟ್ಟ ಮೇಲೆ ಒಂದು ಭಾನುವಾರ ಊರಿಗೆ ಹೋದ. ನಮ್ಮ ಕಡೆಯ ಬಿಸಿಲು ಅಂಟನ್ನು ಉಳಿಸುವ ಪೈಕಿಯದಲ್ಲ. ಸ್ಟಿಕರ್ ಸುರುಟಿ ಅರ್ಧ ಜೋತುಬಿದ್ದಿತ್ತು. ಕೊಟ್ಟಿಗೆಯ ಮಾಡಿನ ತಗ್ಗಿನ ಅಂಚಿನಲ್ಲಿ, ಕೈಗೆಟಕುವಷ್ಟು ಹತ್ತಿರ ಅವನ ಮುಖ ನಗುತ್ತಿತ್ತು. ಈರಮ್ಮ ಮೂಗು ತಾಗುವಷ್ಟು ಹತ್ತಿರ ನಿಂತು, ಅದರ ಕೆನ್ನೆಯ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

"ನೀನು ಇಲ್ಲಿ ಅದೀಯಲ್ಲೋ. ಆವತ್ತು ನಾ ಯಾರನ್ನೋ ನೋಡಿ ಚಪ್ಪಾಳಿ ಹೊಡದೆ" ಎಂದಳು. "ನನ್ನ ಮಗನ ಮಖದ ಮ್ಯಾಲೆ ಇದನ್ನ ಅಂಟಿಸಿದಾವ ಯಾವನೋ? ಹೇಳು, ಹೋಗಿ ಕೇಳ್ತೀನಿ."

ಮಾರೆಣ್ಣ ಜೋತುಬಿದ್ದ ಸ್ಟಿಕರನ್ನು ಪೂರ್ತಿ ಕಿತ್ತು ಕೈಯಲ್ಲಿ ಮುದುರಿಕೊಂಡ.

"ನಾನ ಯವ್ವಾ" ಎಂದ.