ಮೂರು ತಾಸಿನ ಮಾತು

ನನಗೆ ಸಿಟ್ಟು ಬಂದರೆ ಪೆನ್ನು ನಿಲ್ಲುವುದಿಲ್ಲ. ವಿಮೆಯ ತಕರಾರು ಬಗೆಹರಿಸುವ ಬೆಂಗಳೂರಿನ ಒಂಬುಡ್ಸ್‌ಮನ್ ಕಚೇರಿಗೆ ನಾನು ಬರೆದ ಮೊದಲ ದೂರು ಐದು ಪುಟದ್ದು. ವಿಮಾ ಕಂಪನಿಯ ಏಳು ತಲೆಮಾರನ್ನು ಜಾಲಾಡಿದ್ದೆ. ಆದರೆ ಒಂದು ಕಡೆಯೂ ವೇಳೆ ಬರೆದಿರಲಿಲ್ಲ.

ಆಗಿದ್ದಿಷ್ಟು. ಗದಗಿನ ದವಾಖಾನೆಯಲ್ಲಿ ಅವ್ವನ ಪಿತ್ತಕೋಶದ ಆಪರೇಷನ್ ಆಯಿತು. ನಮ್ಮದು ಕ್ಯಾಶ್‌ಲೆಸ್ ವಿಮೆ, ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟಬೇಕು. ಮನೆಗೆ ಕಳಿಸುವ ದಿನ ದವಾಖಾನೆಯಿಂದ ಕೊನೆಯ ಬಿಲ್ ಹೋದ ಮೂರು ತಾಸಿನೊಳಗೆ ಕಂಪನಿಯ ಒಪ್ಪಿಗೆ ಬರಬೇಕು ಎಂಬುದು ನಿಯಮ. ಬಂದದ್ದು ಮರುದಿನ! ಅವ್ವ ಸೀರೆ ಬದಲಿಸಿ, ಗಂಟು ಕಟ್ಟಿಕೊಂಡು ಮಂಚದ ಮೇಲೆ ಕುಳಿತೇ ಇದ್ದಳು. ಅವಳನ್ನು ಕರೆದೊಯ್ಯಲು ಮೆಣಸಗಿಯಿಂದ ಬಂದ ಕಾಕಾ ಸಂಜೆ ಒಬ್ಬನೇ ತಿರುಗಿ ಹೋದ. "ರೊಕ್ಕ ಕಟ್ಟಿಲ್ಲಂತ, ಬಿಟ್ಟಿಲ್ಲ" ಎಂದು ಊರಲ್ಲಿ ಸುದ್ದಿಯಾಯಿತು.

ಅಲ್ಲಿಂದ ಮುಂದೆ ಅವ್ವ ದವಾಖಾನೆಯ ಹೆಸರೆತ್ತಲು ಬಿಡಲಿಲ್ಲ. ಡಾಕ್ಟರು ಮತ್ತೆ ಬಾ ಎಂದ ದಿನ ದಾಟಿತು. ಕೇಳಿದರೆ "ಚಲೋ ಅದೀನಿ ಬಿಡು" ಅನ್ನುತ್ತಿದ್ದಳು. ನನಗೆ ಅದೇ ಚಿಂತೆ.

ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾದೆ. "ಪರಿಶೀಲನೆಯಲ್ಲಿದೆ" ಎಂಬುದನ್ನು ಬಿಟ್ಟು ಬೇರೆ ಉತ್ತರವಿಲ್ಲ. ಆಮೇಲೆ ಬರೆದದ್ದೇ ಆ ಐದು ಪುಟ. ಒಂಬುಡ್ಸ್‌ಮನ್ ಕಚೇರಿಯವರು ಶಾಂತವಾಗಿ ಕೇಳಿದರು: ಕಂಪನಿಗೆ ಕೊಟ್ಟ ದೂರಿನ ಪ್ರತಿ ಎಲ್ಲಿ? ಬಿಲ್ ಹೋದದ್ದು ಯಾವಾಗ, ಒಪ್ಪಿಗೆ ಬಂದದ್ದು ಯಾವಾಗ?

ದವಾಖಾನೆಯ ವಿಮಾ ಕೌಂಟರಿನಲ್ಲಿ ಕೂರುವ ಹುಡುಗಿ ನನ್ನ ಐದು ಪುಟ ನೋಡಿ ನಕ್ಕಳು.

"ಬೈದದ್ದನ್ನ ಯಾರ ಓದತಾರ್ರಿ ಸರ್? ಟೈಮ್ ಬರೀರಿ."

ಎರಡು ಇಮೇಲ್ ಪ್ರಿಂಟ್ ತೆಗೆದು ಕೊಟ್ಟಳು. ಬಿಲ್ ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಒಪ್ಪಿಗೆ ಬಂದದ್ದು ಮರುದಿನ ಒಂಬತ್ತೂವರೆಗೆ. ಎರಡನೇ ದೂರು ಒಂದೇ ಪುಟಕ್ಕೆ ಮುಗಿಯಿತು.

ವಿಚಾರಣೆ ವಿಡಿಯೋದಲ್ಲಿ. ಶುಲ್ಕವಿಲ್ಲ, ವಕೀಲರ ಹಂಗೂ ಇಲ್ಲ. ರೋಣದ ಕಂಪ್ಯೂಟರ್ ಅಂಗಡಿಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಕುಳಿತೆ. ಕಂಪನಿಯವರು, ದವಾಖಾನೆ ಕಾಗದ ಕಳಿಸಿದ್ದೇ ಸಂಜೆ ಎಂದರು. ಬೈಗುಳ ನಾಲಗೆ ತುದಿಗೆ ಬಂತು, ನುಂಗಿಕೊಂಡೆ. ಒಂಬುಡ್ಸ್‌ಮನ್ ಕಡತ ತಿರುವಿ, "ಹನ್ನೊಂದು ಗಂಟೆಯ ಇಮೇಲ್ ಇಲ್ಲಿದೆಯಲ್ಲ?" ಎಂದು ಕೇಳಿದರು. ಕಂಪನಿಯವರು ನೀರು ಕುಡಿದರು.

ಕೆಲವು ವಾರಗಳಲ್ಲಿ ಇಂಗ್ಲಿಷಿನಲ್ಲಿ ಆದೇಶ ಬಂತು. ತಡಕ್ಕೆ ಕಂಪನಿಯೇ ಕಾರಣ, ಆ ಹೆಚ್ಚಿನ ಒಂದು ದಿನಕ್ಕೆ ನಾನು ದವಾಖಾನೆಗೆ ಕಟ್ಟಿದ್ದ ಕೋಣೆ ಬಾಡಿಗೆಯನ್ನು ಅದೇ ಭರಿಸಬೇಕು. ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ನಮ್ಮಿಂದ ತಡ ಆಗಿಲ್ಲಂತ ಬರದಾರೇನು?"

"ಹೌದಬೇ, ಬರದಾರ."

ಅವ್ವ ಆ ಹಾಳೆಯನ್ನು ಕೈಗೆ ತೆಗೆದುಕೊಂಡಳು.

"ನಿನ್ನ ಕಡೆ ರೊಕ್ಕಿಲ್ಲ, ವಿಮಾ ಅಂತ ನನ್ನ ಮುಂದ ಸುಳ್ಳ ಹೇಳಾಕತ್ತಿ ಅಂತ ತಿಳಿದಿದ್ನೋ ಯಪ್ಪಾ. ಅದಕ್ಕ ದವಾಖಾನಿ ಬ್ಯಾಡ ಅಂದೆ. ಹೊಟ್ಟಿ ಇನ್ನೂ ನೋಯ್ತೈತಿ."

ಮರುದಿನ ಮೊದಲ ಬಸ್ಸಿಗೇ ಗದಗಿಗೆ ಹೊರಟೆವು.