ರದ್ದಿಯೊಳಗಿನ ನಿರುದ್ಯೋಗಿ

ಬಬಲೇಶ್ವರದ ಆ ಕಿರಾಣಿ ಅಂಗಡಿಯಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ವರಿದ್ದೆವು. ಗಾದಿಯ ಮೇಲೆ ಗೆಳತಿಯ ಅಪ್ಪ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ತಕ್ಕಡಿಯ ಹತ್ತಿರ ಅವಳ ಅಣ್ಣ, ಬಿ.ಎ. ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದವ. ರದ್ದಿ ಪೇಪರಿನ ಗುಡ್ಡದ ಪಕ್ಕ ಗೆಳತಿ ಮತ್ತು ತಿಕೋಟಾ ಊರಿನ ನಾನು. ವಿಜಾಪುರದ ಕಾಲೇಜಿನಲ್ಲಿ ಇಬ್ಬರದೂ ಸಮಾಜಶಾಸ್ತ್ರದ ಕೊನೆಯ ವರ್ಷ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು.

ಪತ್ರಿಕೆಗಳು ನಿರುದ್ಯೋಗ ಮತ್ತು ಬಡತನವನ್ನು ಹೇಗೆ ಚಿತ್ರಿಸುತ್ತವೆ ಎಂದು ಬರೆದು ತರಲು ನಮ್ಮ ಸರ್ ಹೇಳಿದ್ದರು. ಈಗ ಸಂಕಥನ ವಿಶ್ಲೇಷಣೆ ಎನ್ನುವುದನ್ನು ಅವರು ಆಗ ಡಿಸ್‌ಕೋರ್ಸ್ ಅನಾಲಿಸಿಸ್ ಎಂದೇ ಕರೆಯುತ್ತಿದ್ದರು. ಆ ಹೆಸರು ನಮ್ಮ ಬಾಯಲ್ಲಿ ಹೊರಳುವಷ್ಟರಲ್ಲಿ ಬಸ್ಸು ಬಬಲೇಶ್ವರ ಮುಟ್ಟಿತ್ತು.

ಅಂಗಡಿಯಲ್ಲಿ ಬೇರೆಯದೇ ನಡೆದಿತ್ತು. ‘ದುಡಿಮೆ ಒಲ್ಲದ ಪದವೀಧರರು: ಕಾರಣವೇನು?’ ಎಂಬ ತಲೆಬರಹದ ಹಾಳೆಯನ್ನು ಕಾಕಾ ಪೊಟ್ಟಣಕ್ಕೂ ಕೊಡದೆ ಜೋಪಾನ ಮಾಡಿದ್ದರು. ದಿನಾ ಮಗನಿಗೆ ಅದನ್ನು ಓದಿ ಹೇಳುವುದು ಅವರ ಪಾಲಿಗೆ ಪೂಜೆಯಂತಾಗಿತ್ತು. ಇನ್ನೆರಡು ವಾರದಲ್ಲಿ ಗುಮಾಸ್ತಿಕೆಯ ಸಂದರ್ಶನವಿದ್ದರೂ ಹೋಗಕೂಡದು, ಅಲೆದದ್ದು ಸಾಕು, ಸೊಲ್ಲಾಪುರದ ಸೋದರಮಾವನ ಗಿರಣಿಗೆ ಹೋಗಲಿ ಎಂದು ಹಟ ಹಿಡಿದಿದ್ದರು. ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಅಣ್ಣ ಬೆಳಗಿನಿಂದ ಸಕ್ಕರೆ, ಬೇಳೆ ಕಟ್ಟುತ್ತಲೇ ಇದ್ದ. ಅಂಗಡಿಯ ಕೆಲಸ ಕೆಲಸವೆಂದು ಅವನಪ್ಪನಿಗೂ ಅನಿಸಿರಲಿಲ್ಲ, ಪೇಪರಿಗೂ ಅನಿಸಿರಲಿಲ್ಲ.

ನಾವಿಬ್ಬರೂ ರದ್ದಿ ಹರವಿಕೊಂಡು ‘ಬಡ’, ‘ನಿರುದ್ಯೋಗ’ ಎಂದು ಕಂಡಲ್ಲೆಲ್ಲ ಕೆಂಪು ಗೆರೆ ಎಳೆದೆವು. ಎಣಿಸಿದೆವು. ಅರ್ಧ ಹಾಳೆಗಳಿಗೆ ತಲೆಯೇ ಇರಲಿಲ್ಲ, ಕಾಕಾ ಚೌಕಾಗಿ ಹರಿದಿಟ್ಟಿದ್ದರು. ಒಂದು ಸುದ್ದಿಯಂತೂ ಅರಿಷಿಣದ ಪುಡಿಯಲ್ಲಿ ಮುಳುಗಿತ್ತು.

ಸೋಮವಾರ ಸರ್ ಅದನ್ನು ಮೂಗಿನ ಹತ್ತಿರ ಹಿಡಿದು ಪಲ್ಯಕ್ಕೆ ಒಳ್ಳೆಯ ಆಕರ ಎಂದರು. ಯಾವ ದಿನದ್ದು, ಯಾವ ಪುಟ, ಸುದ್ದಿಯೋ ಸಂಪಾದಕೀಯವೋ ಎಂದು ಕೇಳಿದರೆ ನಾವು ಹಾಳೆಯ ಹರಿದ ಅಂಚನ್ನು ತೋರಿಸಿದೆವು.

“ಎಷ್ಟ್ ಸಲ ಬಂದೈತಿ ಅಂತ ಎಣಿಸೂದಲ್ಲ ಇದು,” ಎಂದರು. “ಯಾರ ಮಾತು ಹಾಕ್ಯಾರ, ಯಾರನ್ನ ಕೇಳೇ ಇಲ್ಲ, ಯಾವುದನ್ನ ಮದಲ ಖರೇ ಅಂತ ಹಿಡದು ಬರದಾರ, ಅದನ್ನ ನೋಡ್ರಿ.”

ಗ್ರಂಥಾಲಯದಲ್ಲಿ ಕುಳಿತು ಒಂದೇ ಘಟನೆಯ ಎರಡು ಪತ್ರಿಕೆಗಳ ವರದಿಗಳನ್ನು ತಾರೀಖು, ಪುಟಗಳ ಸಮೇತ ಬರೆದುಕೊಂಡೆವು. ವಿಜಾಪುರದ ಉದ್ಯೋಗ ವಿನಿಮಯ ಕಚೇರಿಯ ಮುಂದಿನ ಸರದಿಯಲ್ಲಿ ನೂಕಾಟವಾದ ಸುದ್ದಿ ಅದು. ಗೆಳತಿಯ ಅಣ್ಣನೂ ಅವತ್ತು ಅದೇ ಸರದಿಯಲ್ಲಿದ್ದ. ಕಾಕಾನ ಹಾಳೆಯ ಲೇಖನವೂ ಅದೇ ನೂಕಾಟದಿಂದಲೇ ಶುರುವಾಗಿತ್ತು. ಒಂದು ಪತ್ರಿಕೆ ಮುಖಪುಟದಲ್ಲಿ ಯುವಕರ ಅಶಿಸ್ತು ಎಂದಿತ್ತು. ಇನ್ನೊಂದು ಒಳಪುಟದ ಮೂಲೆಯಲ್ಲಿ, ಕಚೇರಿಯ ಕಿಟಕಿ ಮಧ್ಯಾಹ್ನದವರೆಗೂ ತೆರೆಯಲಿಲ್ಲ ಎಂದಿತ್ತು. ಬಡತನದ ಸುದ್ದಿಗಳದು ಮತ್ತೊಂದು ಪರಿ: ಬಡತನ ಮೋಡದಂತೆ ಬಂದು ಊರನ್ನು ಆವರಿಸುತ್ತಿತ್ತು, ಅದನ್ನು ತಂದವರು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಮರುವಾರ ಮತ್ತೆ ಅಂಗಡಿ. ಗೆಳತಿ ಅಪ್ಪನ ಆ ಹಾಳೆಯನ್ನು ಕೇಳಿ ಇಸಿದುಕೊಂಡು, ಅದರಲ್ಲಿ ಮಾತಾಡಿದವರನ್ನೆಲ್ಲ ಬೆರಳಿಟ್ಟು ತೋರಿಸಿದಳು. ಅಧಿಕಾರಿಯ ಮಾತಿತ್ತು, ಮುಖಂಡರ ಮಾತಿತ್ತು, ವ್ಯಾಪಾರಿಯ ಮಾತಿತ್ತು. ಸರದಿಯಲ್ಲಿ ನಿಂತವರದು ಒಂದೂ ಇರಲಿಲ್ಲ. ಹುಡುಗರಿಗೆ ದುಡಿಮೆ ಬೇಡವೆಂಬುದನ್ನು ಮೊದಲೇ ಒಪ್ಪಿಕೊಂಡು ಆಮೇಲೆ ಕಾರಣ ಹುಡುಕಿದ್ದರು. ಕೆಲಸ ಇದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಆಗಿರಲಿಲ್ಲ.

ಕಾಕಾ ಕನ್ನಡಕ ತೆಗೆದರು. “ಅಂದ್ರ ಪೇಪರ್‌ನವ್ರು ಸುಳ್ಳ ಬರದಾರೇನಬೇ?”

“ಸುಳ್ಳಲ್ಲಪ್ಪಾ, ನೂಕಾಡಿದ್ದು ಖರೇನ ಐತಿ. ಬರದವ್ರ ಮನಸಿನ್ಯಾಗ ಏನಿತ್ತೋ ಅದೂ ನಮಗ ಗೊತ್ತಿಲ್ಲ. ಬರದಿದ್ದು ನಮಗ ಯಾರನ್ನ ತೋರಸ್ತತಿ, ಯಾರನ್ನ ಮುಚ್ಚತತಿ, ಅಷ್ಟ ಹೇಳಾಕತ್ತೇನಿ.”

ಕಾಕಾ ತಕ್ಕಡಿಯ ಕಡೆ ತಿರುಗಿದರು. ಮಗನನ್ನು ಕೇಳಿದರು.

“ಅವತ್ತ ಏನಾತಲೇ ಅಲ್ಲಿ?”

“ಮುಂಜಾನೆ ಹೋಗಿ ನಿಂತೆ. ಕಿಡಕಿ ತಗೀಲಿಲ್ಲ. ತಗದ ಕೂಡ್ಲೇ ಹಿಂದಿನವ್ರು ನೂಕಿದ್ರು. ನಂದೊಂದು ಚಪ್ಲಿ ಹೋತು.”

“ಚಪ್ಲಿ ಹೋಗಿದ್ದು ನೀ ಹೇಳೇ ಇಲ್ಲಲೋ.”

“ನೀವು ಕೇಳಿದ್ರ ಹೇಳ್ತಿದ್ದೆ.”

ನಾನೂ ಗೆಳತಿಯೂ ರದ್ದಿಯ ಕಡೆ ಮುಖ ತಿರುಗಿಸಿದೆವು. ನಗು ತಡೆಯಲು ಅದೊಂದೇ ಮರೆ. ಕಾಕಾ ಆ ಹಾಳೆಯನ್ನು ಎರಡು ಸಲ ಮಡಚಿ, ಕಡಲೆ ಕೇಳಿಕೊಂಡು ಬಂದ ಗಿರಾಕಿಗೆ ಅದರಲ್ಲೇ ಪೊಟ್ಟಣ ಕಟ್ಟಿಕೊಟ್ಟರು.

ಸಂದರ್ಶನದ ದಿನ ಅಣ್ಣ ಮೊದಲ ಬಸ್ಸಿಗೆ ವಿಜಾಪುರಕ್ಕೆ ಹೋದ. ಅಂಗಡಿಗೆ ಬೀಗ ಹಾಕಿ ಕಾಕಾ ಕೂಡ ಹೊರಟರು. ಸಂದರ್ಶನಕ್ಕೆ ಹೆಸರು ಬರೆಸುವ ಕಿಟಕಿಯ ಮುಂದಿನ ಸರದಿಯಲ್ಲಿ ಅವನ ಬೆನ್ನಿಗೇ ನಿಂತರು. ಹಿಂದಿದ್ದ ಹುಡುಗನೊಬ್ಬ, “ಯಜಮಾನ್ರ, ನೀವೂ ಅರ್ಜಿ ಹಾಕೀರೇನ್ರಿ?” ಎಂದು ಕೇಳಿದನಂತೆ. ಕಾಕಾ ಇಲ್ಲವೆಂದು ತಲೆಯಾಡಿಸಿ, ಯಾವ ಊರು, ಎಷ್ಟು ಓದಿದ್ದಿ, ಈಗೇನು ಮಾಡುತ್ತಿದ್ದಿ ಎಂದು ಅವನನ್ನೇ ವಿಚಾರಿಸಿದರು. ಕಿಟಕಿ ತೆರೆಯುವವರೆಗೆ ಮುಂದಿನವರನ್ನೂ ಹಿಂದಿನವರನ್ನೂ ಒಬ್ಬೊಬ್ಬರನ್ನಾಗಿ ಕೇಳುತ್ತ ನಿಂತರು.